ಬಾಟಲಿ ನಲ್ಲಿ, ಅರಿಶಿನ, ಕಾಲು ಸಾಬೂನು: ಎರಡನೇ ಕ್ಲಾಸಿನ ಕೈ ತೊಳೆಯುವ ಪಾಠ

ನಮ್ಮದು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆ. ನನ್ನ ಪಾಲಿಗೆ ಎರಡನೇ ಕ್ಲಾಸು, 32 ಮಕ್ಕಳು. ಹೆಚ್ಚಿನವರ ಮನೆಯವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಊಟಕ್ಕೆ ಮುಂಚೆ, ಸಂಡಾಸಿಗೆ ಹೋಗಿ ಬಂದ ಮೇಲೆ ಕೈ ತೊಳೆಯಬೇಕು ಅನ್ನೋದು ಈ ಮಕ್ಕಳಿಗೆ ಬಾಯಿಪಾಠ. ಕೇಳಿದರೆ ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಖಿಚಡಿ ಬಂದ ಕೂಡಲೇ ನಡೆಯುವುದೇ ಬೇರೆ. ನಲ್ಲಿ ಕೆಳಗೆ ಕೈ ಒಡ್ಡಿ, ಅಂಗಿಗೆ ಒರೆಸಿಕೊಂಡು, ತಟ್ಟೆ ಹಿಡಿದು ಓಡುವುದು.

ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಮಹಡಿಗೆ ಇರೋದು ಎರಡು ನಲ್ಲಿ, ಅದೂ ದೊಡ್ಡವರ ಎತ್ತರಕ್ಕೆ. ತಿರುಗಿಸಲು ಮಕ್ಕಳು ತುದಿಗಾಲಿನಲ್ಲಿ ನಿಲ್ಲಬೇಕು. ಹಿಂದೆ ಮೂರನೇ ಕ್ಲಾಸಿನವರ ಸಾಲು ನೂಕುತ್ತಾ ಇರುತ್ತದೆ. ಮನೆಯಲ್ಲಿ ಇನ್ನೂ ಕಷ್ಟ. ನೀರು ಬರುವುದು ಗೊತ್ತಾದ ಹೊತ್ತಿಗೆ ಮಾತ್ರ. ಬಂದಾಗ ಪಿಂಪ, ಹಂಡೆ ತುಂಬಿಸಿಕೊಳ್ಳಬೇಕು. ಆಮೇಲೆ ಏನು ತೊಳೆಯುವುದಿದ್ದರೂ ಖೋಲಿಯ ಮೂಲೆಯಲ್ಲಿ ಮೋರಿ ಅನ್ನುವ ಪುಟ್ಟ ಬಚ್ಚಲಿನಲ್ಲಿ, ಮಗ್ಗಿನಿಂದ. ಒಂದು ಕೈಯಲ್ಲಿ ಮಗ್ಗು ಹಿಡಿದರೆ ತೊಳೆಯಲು ಉಳಿಯುವುದು ಒಂದೇ ಕೈ. ಎರಡೂ ಕೈ ಉಜ್ಜಬೇಕೆಂದರೆ ನೀರು ಹೊಯ್ಯಲು ಇನ್ನೊಬ್ಬರು ಬೇಕು. ಏಳು ವರ್ಷದ ಮಗುವಿಗೆ ಪ್ರತಿ ಸಲ ಯಾರು ಹೊಯ್ಯುತ್ತಾರೆ?

ಹಾಗಾಗಿ ಪಾಠ ಶುರು ಮಾಡುವ ಮುಂಚೆ ನಲ್ಲಿ ಕಟ್ಟಬೇಕು ಅಂತ ನಿರ್ಧರಿಸಿದೆ. ಮನೆಯಲ್ಲೂ ಅದೇ ಥರದ್ದು ಕಟ್ಟಲು ಆಗಬೇಕು. ಇಲ್ಲದಿದ್ದರೆ ಮಕ್ಕಳು ಶಾಲೆಯ ಅಭ್ಯಾಸವನ್ನು ಶಾಲೆಯಲ್ಲೇ ಬಿಟ್ಟು ಹೋಗುತ್ತಾರೆ.

ಬಾಟಲಿ ನಲ್ಲಿ

ಕಾಲಿನಿಂದ ಒತ್ತಿದರೆ ಡಬ್ಬ ವಾಲಿ ನೀರು ಸುರಿಯುವ ವ್ಯವಸ್ಥೆ ಹಳ್ಳಿ ಶಾಲೆಗಳಲ್ಲಿ ಇದೆ. ಅದಕ್ಕೆ ನೆಲದಲ್ಲಿ ಎರಡು ಗೂಟ ಹೂಳಬೇಕು. ನಾವಿರುವುದು ಎರಡನೇ ಮಹಡಿಯ ವರಾಂಡದಲ್ಲಿ, ಕಾಂಕ್ರೀಟಿನ ಮೇಲೆ. ಇಲ್ಲಿರುವುದು ಕಬ್ಬಿಣದ ಗ್ರಿಲ್ ಮಾತ್ರ. ಅದಕ್ಕೆ ಒಪ್ಪುವುದು ತೂತಿನ ಬಾಟಲಿ.

ಕೆಲಸ ಮಾಡುವ ರೀತಿ ಸರಳ. ಬಾಟಲಿಯ ತಳದಿಂದ ಎರಡು ಬೆರಳು ಮೇಲೆ, ಪಕ್ಕದಲ್ಲಿ ಒಂದು ಸಣ್ಣ ತೂತು. ನೀರು ತುಂಬಿ ಮುಚ್ಚಳ ಬಿಗಿದರೆ ಸ್ವಲ್ಪ ತೊಟ್ಟಿಕ್ಕಿ ನಿಂತುಬಿಡುತ್ತದೆ. ಮುಚ್ಚಳ ಸಡಿಲಿಸಿದರೆ ಮೇಲಿನಿಂದ ಗಾಳಿ ಒಳಗೆ ಹೋಗಿ, ತೂತಿನಿಂದ ಸಣ್ಣ ಧಾರೆ ಬರುತ್ತದೆ. ಮತ್ತೆ ಬಿಗಿದರೆ ಗಾಳಿಗೆ ದಾರಿ ಇಲ್ಲ. ಹೊರಗಿನ ಗಾಳಿಯ ಒತ್ತಡವೇ ನೀರನ್ನು ಒಳಗೆ ತಡೆದು ಹಿಡಿಯುತ್ತದೆ. ಮಕ್ಕಳು ಇದನ್ನು ನೋಡಿ ಮ್ಯಾಜಿಕ್ ಅಂದರು. ಮುಚ್ಚಳ ತಿರುಗಿಸುವ ಆಸೆಗೇ ಅರ್ಧ ಜನ ಸಾಲಿನಲ್ಲಿ ನಿಂತರು ಅನ್ನಿ.

ತೂತಿನ ಅಳತೆಯಲ್ಲೇ ಎಲ್ಲಾ ಇದೆ. ಗೋಣಿಚೀಲ ಹೊಲಿಯುವ ದಬ್ಬಣವನ್ನು ಇಕ್ಕಳದಲ್ಲಿ ಹಿಡಿದು, ಮೇಣದಬತ್ತಿಯ ಮೇಲೆ ಕಾಯಿಸಿ, ಒಂದೇ ಸಲ ಚುಚ್ಚಿ ತೆಗೆದರೆ ಎರಡೂವರೆ ಮಿಲಿಮೀಟರಿನಷ್ಟು ತೂತಾಗುತ್ತದೆ. ಅಷ್ಟು ಸಾಕು. ದಪ್ಪ ಮೊಳೆಯಿಂದ ದೊಡ್ಡ ತೂತು ಮಾಡಿದರೆ ಗಾಳಿ ಅದೇ ತೂತಿನಿಂದ ಗುಳುಗುಳು ಅಂತ ಒಳಗೆ ನುಗ್ಗುತ್ತದೆ. ಆಗ ಮುಚ್ಚಳ ಎಷ್ಟು ಬಿಗಿದರೂ ನೀರು ಸೋರುತ್ತಲೇ ಇರುತ್ತದೆ. ಒಳಗೆ ಗುಳ್ಳೆ ಏಳುವುದು ಕಂಡರೆ ತೂತು ದೊಡ್ಡದಾಗಿದೆ ಅಂತಲೇ ಲೆಕ್ಕ, ಆ ಬಾಟಲಿ ಬಿಡಬೇಕು. ಧಾರೆ ಅಡ್ಡಾದಿಡ್ಡಿ ಚಿಮ್ಮಿದರೆ ತೂತಿನ ಅಂಚಿನಲ್ಲಿ ಕರಗಿದ ಪ್ಲಾಸ್ಟಿಕ್ ಉಳಿದಿದೆ ಅಂತ ಅರ್ಥ. ಬ್ಲೇಡಿನಿಂದ ಕೆರೆದರೆ ಸರಿಹೋಗುತ್ತದೆ. ಈ ಕಾಯಿಸುವ, ಚುಚ್ಚುವ ಕೆಲಸವನ್ನು ದೊಡ್ಡವರೇ ಮಾಡಬೇಕು.

ಬಾಟಲಿ ಯಾವುದಾದರೂ ಆಗುವುದಿಲ್ಲ. ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ ತೀರಾ ತೆಳು. ಹಿಡಿದು ಮುಚ್ಚಳ ತಿರುಗಿಸುವಾಗ ಅಮುಕಿದ ಹಾಗಾಗಿ ನೀರು ಪಿಚಕ್ ಅಂತ ಹಾರುತ್ತದೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯನ್ನು ಒಳಗಿನ ಗ್ಯಾಸಿನ ಒತ್ತಡ ತಡೆಯಲೆಂದೇ ಗಟ್ಟಿಯಾಗಿ ಮಾಡಿರುತ್ತಾರೆ. ಅದೇ ಒಳ್ಳೆಯದು. ಅಂಥ ನಾಲ್ಕು ಬಾಟಲಿ ಸಾಕಾದವು.

ಕಟ್ಟುವ ಕೆಲಸಕ್ಕೆ ನಮ್ಮ ಕ್ಲಾಸಿನ ಒಬ್ಬ ಹುಡುಗನ ಅಪ್ಪ ಬಂದರು. ಅವರು ಸ್ಲ್ಯಾಬಿಗೆ ಸಳಿ ಕಟ್ಟುವವರು. ಬೈಂಡಿಂಗ್ ತಂತಿ, ಕೊಕ್ಕೆ ಎರಡನ್ನೂ ಅವರೇ ತಂದಿದ್ದರು. ನಾನು ಬಾಟಲಿಯ ಕತ್ತಿಗೆ ಮಾತ್ರ ಕಟ್ಟಿದರೆ ಸಾಕು ಅಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು. "ಒಂದೇ ಕಡೆ ಕಟ್ಟಿದ್ರ ಮುಚ್ಚಳ ತಿರುವೂಮುಂದ ಬಾಟ್ಲಿನೂ ತಿರಗತದ್ರಿ ಟೀಚರ್," ಅಂತ ಹೇಳಿ ಕತ್ತಿಗೊಂದು, ನಡುವಿಗೊಂದು ಸುತ್ತು ಹಾಕಿ ಬಿಗಿದರು. ತೂತು ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ಕಟ್ಟಿಸಿದೆ. ಅದು ಈ ಮಕ್ಕಳ ಮೊಣಕೈ ಮಟ್ಟ. ನೀರು ತೋಳಿಗೆ ಹರಿಯುವುದಿಲ್ಲ, ಮುಚ್ಚಳ ಎದೆಯ ಹತ್ತಿರ ಸಿಗುತ್ತದೆ.

ಧಾರೆಯನ್ನು ಸ್ಟೀಲ್ ಲೋಟಕ್ಕೆ ಹಿಡಿದು ಅಳೆದೆ. ಬಾಟಲಿ ತುಂಬಿರುವಾಗ 200 ಮಿಲಿಲೀಟರಿನ ಲೋಟ ತುಂಬಲು ಅರ್ಧ ನಿಮಿಷ ಹಿಡಿಯುತ್ತದೆ. ಕೈ ಒದ್ದೆ ಮಾಡಲು ಮೂರು ಸೆಕೆಂಡು, ಕೊನೆಯಲ್ಲಿ ತೊಳೆಯಲು ಹದಿನೈದು ಸೆಕೆಂಡು ಅಂದರೂ ಒಬ್ಬರಿಗೆ ಅರ್ಧ ಲೋಟಕ್ಕಿಂತ ತುಸು ಜಾಸ್ತಿ, ಅಷ್ಟೇ. ಬಾಟಲಿಗೆ ಎಂಟು ಮಕ್ಕಳು. ಇಡೀ ಕ್ಲಾಸಿನ ಕೈ ನಾಲ್ಕು ಲೀಟರಿನೊಳಗೆ ಮುಗಿಯುತ್ತದೆ. ನೀರು ಇಳಿದಂತೆ ಧಾರೆ ನಿಧಾನವಾಗುತ್ತದೆ. ಕಾಲು ಬಾಟಲಿಗೆ ಬಂದರೆ ಮಕ್ಕಳಿಗೆ ತಾಳ್ಮೆ ಇರುವುದಿಲ್ಲ, ಆಗ ಮತ್ತೆ ತುಂಬಿಸಬೇಕು. ತುಂಬಿಸುವಾಗ ಒಬ್ಬರು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಆಯಿತು.

ಇನ್ನೊಂದು ಅನುಮಾನ ಬರುವುದು ಸಹಜ. ಕೊಳೆ ಕೈಯಲ್ಲಿ ಮುಟ್ಟಿದ ಮುಚ್ಚಳವನ್ನೇ ತೊಳೆದ ಕೈಯಲ್ಲೂ ಮುಟ್ಟಬೇಕಲ್ಲ? ನಾವು ಮಾಡುವ ಕ್ರಮ ಹೀಗೆ: ಒದ್ದೆ ಮಾಡು, ಬಿಗಿ, ಸಾಬೂನು ಹಚ್ಚು, ಉಜ್ಜು. ಆಮೇಲೆ ನೊರೆ ಕೈಯಲ್ಲೇ ಮುಚ್ಚಳವನ್ನೂ ಒಮ್ಮೆ ಸುತ್ತ ಉಜ್ಜಿ ಸಡಿಲಿಸು, ತೊಳಿ. ಪ್ರತಿ ಮಗುವೂ ಮುಚ್ಚಳಕ್ಕೂ ಸಾಬೂನು ಹಾಕಿದ ಹಾಗಾಗುತ್ತದೆ. ಕಾಲಿನಲ್ಲಿ ಒತ್ತುವ ವ್ಯವಸ್ಥೆಯಷ್ಟು ಚೊಕ್ಕ ಅಲ್ಲ. ಆದರೆ ನಲ್ಲಿಯ ತಿರುಪಿಗೆ ಯಾರೂ ಸಾಬೂನು ಹಾಕುವುದಿಲ್ಲ ಅಲ್ವಾ?

ಕೆಳಗೆ ಬಕೆಟ್ ಇಟ್ಟಿದ್ದೇವೆ. ಆ ನೀರನ್ನು ನಮ್ಮ ಶಾಲೆಯ ಆಯಾ ಮೌಶಿ ಸಂಡಾಸು ತೊಳೆಯಲು ಒಯ್ಯುತ್ತಾರೆ. ಸಂಜೆಗೆ ಬಕೆಟ್ ಖಾಲಿ ಇರಲೇಬೇಕು. ಮುಂಬಯಿಯಲ್ಲಿ ನೀರು ನಿಲ್ಲಿಸಿಟ್ಟರೆ ಡೆಂಗಿ ಸೊಳ್ಳೆ ಬಂತು ಅಂತಲೇ ಲೆಕ್ಕ. ಬಾಟಲಿಗಳಿಗೆ ಕೆಂಪು ಟೇಪು ಸುತ್ತಿದ್ದೇವೆ. ಇದು ಕುಡಿಯುವ ನೀರಲ್ಲ ಅನ್ನುವುದಕ್ಕೆ.

ಅರಿಶಿನದ ಪರೀಕ್ಷೆ

ಕೈ ಎಲ್ಲಿ ತೊಳೆದಿಲ್ಲ ಅನ್ನುವುದನ್ನು ಮಕ್ಕಳ ಕಣ್ಣಿಗೆ ತೋರಿಸಬೇಕು. ಹೊಳೆಯುವ ಪುಡಿ, ವಿಶೇಷ ದೀಪ ಎಲ್ಲಾ ನಮಗೆ ಯಾಕೆ? ಅಡುಗೆಮನೆಯ ಅರಿಶಿನ ಸಾಕು. ಬಿಳಿ ಅಂಗಿಯ ಮೇಲೆ ಸಾಂಬಾರು ಬಿದ್ದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿ ನೀರಿಗೆ ಸುಣ್ಣ ಹಾಕುವುದೂ ಅದಕ್ಕೇ. ಬಿಲ್ಲೆ ಸಾಬೂನು ಕ್ಷಾರ. ಅಂದರೆ ಅರಿಶಿನ ಹಚ್ಚಿದ ಕೈಗೆ ಸಾಬೂನು ತಾಗಿದ ಕಡೆ ಕೆಂಪು, ತಾಗದ ಕಡೆ ಹಳದಿ.

ಒಂದು ಚಮಚ ಅರಿಶಿನಕ್ಕೆ ನಾಲ್ಕು ಚಮಚ ನೀರು. ತೆಳ್ಳಗೆ ಎರಡೂ ಕೈಗೆ, ಉಗುರಿನ ಸುತ್ತ, ಬೆರಳ ಸಂದಿಗೆ ಹಚ್ಚಿ ಎರಡು ನಿಮಿಷ ಒಣಗಿಸಬೇಕು. ಅಡುಗೆಯ ಅರಿಶಿನವೇ ಬೇಕು. ಪೂಜೆಗೆ ಅಂತ ಮಾರುವ ಪುಡಿಯಲ್ಲಿ ಬೇರೆ ಬಣ್ಣ ಬೆರೆಸಿರಬಹುದು, ಅದು ಮಕ್ಕಳ ಚರ್ಮಕ್ಕೆ ಬೇಡ. ಗಾಯ ಇದ್ದವರಿಗೆ ಹಚ್ಚುವುದಿಲ್ಲ, ಅವರು ನೋಡಿ ಗುರುತು ಹಾಕುವ ಕೆಲಸ ಮಾಡುತ್ತಾರೆ. ಸಾಬೂನು ಬಿಲ್ಲೆಯೇ ಆಗಬೇಕು. ಚರ್ಮಕ್ಕೆ ಮೃದು ಅಂತ ಬರುವ ಕೆಲವು ದ್ರವ ಹ್ಯಾಂಡ್‌ವಾಶ್‌ಗಳಲ್ಲಿ ಕ್ಷಾರ ಇರುವುದಿಲ್ಲ. ಅದರಲ್ಲಿ ಎಷ್ಟು ಉಜ್ಜಿದರೂ ಹಳದಿ ಹಳದಿಯೇ.

ಮಕ್ಕಳಿಗೆ ಏನೂ ಹೇಳಿಕೊಡದೆ, "ನೀವು ದಿನಾ ಹೇಗೆ ತೊಳೀತೀರೋ ಹಾಗೇ ತೊಳೀರಿ" ಅಂದೆ. ಅವರು ಇನ್ನೇನು ನೀರಿಗೆ ಕೈ ಒಡ್ಡಬೇಕು, ಆಗ "ಸ್ಟ್ಯಾಚ್ಯೂ!" ಅಂತ ಕೂಗಿದೆ. ಈ ಆಟ ಎಲ್ಲರಿಗೂ ಗೊತ್ತಿತ್ತು, ನೊರೆ ಕೈ ಹಿಡಿದು ಹಾಗೇ ನಿಂತರು. ನೋಡಬೇಕಾದದ್ದು ಈ ಹೊತ್ತಿನಲ್ಲೇ. ನೀರು ಬಿದ್ದರೆ ಕ್ಷಾರ ಹೋಗಿ, ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಆಮೇಲೆ ಏನೂ ಗೊತ್ತಾಗುವುದಿಲ್ಲ.

"ಟೀಚರ್, ಆರತಿ ನೀರ್ ಆಗ್ಯಾದ!" ಅಂತ ಒಬ್ಬಳು ಕಿರುಚಿದಳು.

ಪ್ರತಿಯೊಬ್ಬರೂ ಮೊದಲೇ ಕಾಗದದ ಮೇಲೆ ತಮ್ಮ ಎರಡೂ ಕೈಯ ಆಕಾರ ಬರೆದಿದ್ದರು. ಪಕ್ಕದ ಮಗು ನೋಡಿ, ಹಳದಿ ಉಳಿದ ಜಾಗಕ್ಕೆ ಕ್ರೇಯಾನ್ ಹಚ್ಚಬೇಕು. ಕಾಗದಗಳನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಒಂದೇ ಚಿತ್ರ ಮತ್ತೆ ಮತ್ತೆ. ಅಂಗೈ ಯಾರದ್ದೂ ಬಿಟ್ಟುಹೋಗಿಲ್ಲ. ಹೆಬ್ಬೆರಳು, ಬೆರಳ ತುದಿ, ಸಂದಿ ಬಿಟ್ಟುಹೋಗಿವೆ. 1978ರಲ್ಲಿ ಬ್ರಿಟನ್ನಿನಲ್ಲಿ ನರ್ಸ್‌ಗಳಿಗೆ ಬಣ್ಣ ಹಚ್ಚಿ ನೋಡಿದಾಗಲೂ ಜಾಸ್ತಿ ತಪ್ಪಿಹೋಗಿದ್ದದ್ದು ಇವೇ ಜಾಗಗಳು. ಆಸ್ಪತ್ರೆಯವರ ಕಥೆಯೇ ಹಾಗಿದ್ದರೆ ಎರಡನೇ ಕ್ಲಾಸಿನವರದ್ದು ಏನು ಮಹಾ.

ನನಗೆ ಹೊಸದಾಗಿ ಕಂಡದ್ದು ಬೇರೆ. ಹಳದಿ ಜಾಸ್ತಿ ಇದ್ದದ್ದು ಬಲಗೈಯಲ್ಲಿ. ನಿಂತು ನೋಡಿದ ಮೇಲೆ ಕಾರಣ ತಿಳಿಯಿತು. ಸಾಬೂನು ಹಿಡಿಯುವುದು ಬಲಗೈ, ಉಜ್ಜುವುದೂ ಬಲಗೈ. ಎಡಗೈ ಸುಮ್ನೆ ಉಜ್ಜಿಸಿಕೊಳ್ಳುತ್ತದೆ. ಬಲಗೈಯನ್ನು ಉಜ್ಜುವವರು ಯಾರೂ ಇಲ್ಲ. ನಾವು ಅನ್ನ ಕಲಸುವುದು ಇದೇ ಬಲಗೈಯಲ್ಲಿ, ಇದೇ ಬೆರಳ ತುದಿಯಲ್ಲಿ. ಹೀಗಾಗಿ ಅಭ್ಯಾಸದ ಪಾಠ ಪೂರ್ತಿ ಬಲಗೈಯ ಕಡೆ ವಾಲಿತು.

ಈ ಪರೀಕ್ಷೆ ಹೇಳುವುದು ಸಾಬೂನು ಎಲ್ಲಿ ಮುಟ್ಟಿದೆ ಅನ್ನುವುದನ್ನು ಮಾತ್ರ. ಅಲ್ಲಿ ಸಾಕಷ್ಟು ಉಜ್ಜಿದ್ದಾರೋ ಇಲ್ಲವೋ ಹೇಳುವುದಿಲ್ಲ. ಸಾಬೂನು ರೋಗಾಣುಗಳನ್ನು ಹೆಚ್ಚಾಗಿ ಕೊಂದು ಹಾಕುವುದಲ್ಲ, ಕೈಯ ಜಿಡ್ಡಿನ ಜೊತೆ ಎಬ್ಬಿಸಿ ಬಿಡಿಸುತ್ತದೆ. ಬಿಡಿಸಲು ಉಜ್ಜಬೇಕು, ಆಮೇಲೆ ನೀರು ಒಯ್ಯುತ್ತದೆ. ಬರೀ ಸವರಿದರೂ ಕೆಂಪಾಗುತ್ತದೆ. ಅದನ್ನು ಕಂಡುಹಿಡಿದ ಚಾಲಾಕಿ ಒಬ್ಬ ನಮ್ಮ ಕ್ಲಾಸಿನಲ್ಲೇ ಇದ್ದಾನೆ. ಕೈಯ ಕಲೆ ಒಂದೆರಡು ದಿನ ಉಳಿಯುತ್ತದೆ. ಅಂಗಿಯ ಕಲೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಇವೆರಡನ್ನೂ ಹಿಂದಿನ ದಿನವೇ ಮನೆಗೆ ಚೀಟಿ ಬರೆದು ತಿಳಿಸಿದ್ದೆ.

ಎಂಟು ಉಜ್ಜು

ಉಜ್ಜುವ ಸಮಯ ಕಡಿಮೆ ಅಂದರೂ 20 ಸೆಕೆಂಡ್. ಸೆಕೆಂಡ್ ಅಂದರೆ ಈ ವಯಸ್ಸಿನವರಿಗೆ ಏನೂ ಗೊತ್ತಾಗದು. ಹಾಡು ಹೇಳಿಸಿದರೆ ಹಾಡಿನ ಮೇಲೆ ಗಮನ, ಕೈ ನಿಂತೇಹೋಗುತ್ತದೆ. ಎಣಿಕೆ ಒಳ್ಳೆಯದು. ಎಂಟು ಉಜ್ಜು, ಪ್ರತಿಯೊಂದಕ್ಕೂ ಐದರವರೆಗೆ ಎಣಿಕೆ: ಅಂಗೈ, ಎಡ ಮುಂಗೈ, ಬಲ ಮುಂಗೈ, ಬೆರಳ ಸಂದಿ, ಎಡ ಹೆಬ್ಬೆರಳು, ಬಲ ಹೆಬ್ಬೆರಳು, ಎಡ ತುದಿ, ಬಲ ತುದಿ. ಎಲ್ಲರೂ ಒಟ್ಟಿಗೆ ಕೂಗಿ ಎಣಿಸಿದರೆ 25 ಸೆಕೆಂಡಿನ ಆಸುಪಾಸು ಆಗುತ್ತದೆ. ಒಬ್ಬರೇ ಎಣಿಸಿದರೆ ಓಟ ಹೊಡೆಯುತ್ತಾರೆ, ಆಗ ಐದರ ಬದಲು ಏಳು ಅಂತ ಹೇಳಿಕೊಟ್ಟೆ.

ಕಷ್ಟವಾದದ್ದು ಬಲ ಹೆಬ್ಬೆರಳು. ಎಡಗೈಯಿಂದ ಉಜ್ಜುವುದು ಅವರಿಗೆ ರೂಢಿ ಇಲ್ಲ. ಎಡ ಮುಷ್ಟಿಯಲ್ಲಿ ಬಲ ಹೆಬ್ಬೆರಳನ್ನು ಹಿಡಿದು, ಬಾಟಲಿಯ ಮುಚ್ಚಳದ ಹಾಗೆ ತಿರುಗಿಸು ಅಂದ ಮೇಲೆ ಕೈ ಕೂಡಿಬಂತು. ತುದಿಗಳಿಗೆ, ಐದೂ ಬೆರಳು ಒಟ್ಟು ಮಾಡಿ ಇನ್ನೊಂದು ಅಂಗೈಯಲ್ಲಿ ಕೆರೆಯಬೇಕು. ಮೊದಲು ನೀರಿಲ್ಲದೆ, ಸಾಬೂನಿಲ್ಲದೆ ಕೂತಲ್ಲೇ ಮಾಡಿಸಿದೆ. ಕೈ ಕಲಿತ ಮೇಲೆ ಬಾಟಲಿ ಹತ್ತಿರ. ಮತ್ತೆ ಅರಿಶಿನ ಹಚ್ಚಿ ನೋಡಿದಾಗ ಹೆಬ್ಬೆರಳ ಹಳದಿ ಹೆಚ್ಚಿನವರಲ್ಲಿ ಹೋಗಿತ್ತು. ಉಗುರಿನ ಅಡಿಯಲ್ಲಿ ಮಾತ್ರ ಉಳಿದಿತ್ತು. ಅದಕ್ಕೆ ಉಜ್ಜುವುದಕ್ಕಿಂತ ಉಗುರು ಕತ್ತರಿಸುವುದೇ ದಾರಿ.

ಮನೆಯ ಚಾರ್ಟು

ಎಲ್ಲರೂ ಕೊಡುವ ಥರದ್ದೇ ಚಾರ್ಟು ಮೊದಲು ಕೊಟ್ಟಿದ್ದೆ. ವಾರದ ಏಳು ದಿನ, ದಿನಕ್ಕೆ ಐದು ಹೊತ್ತು, ತೊಳೆದರೆ ನಕ್ಷತ್ರ. ಎಲ್ಲರದ್ದೂ ಆಕಾಶದ ತುಂಬಾ ನಕ್ಷತ್ರ. ಒಬ್ಬ ಮಂಗಳವಾರ ತೋರಿಸಿದ ಚಾರ್ಟಿನಲ್ಲಿ ಶುಕ್ರವಾರದ ನಕ್ಷತ್ರವೂ ಇತ್ತು. ನಕ್ಷತ್ರ ಕೊಟ್ಟರೆ ಮಕ್ಕಳು ಅದನ್ನು ತುಂಬಿಸುತ್ತಾರೆ, ಅದರಲ್ಲಿ ತಪ್ಪೇನಿದೆ?

ಈಗಿನ ಚಾರ್ಟಿನಲ್ಲಿ ಎರಡೇ ಹೊತ್ತು, ತಟ್ಟೆಯ ಚಿತ್ರ ಮತ್ತು ಸಂಡಾಸಿನ ಬಾಗಿಲ ಚಿತ್ರ. ಗುರುತು ಮೂರು. ಸಾಬೂನು ಹಾಕಿದ್ದರೆ ತುಂಬಿದ ವೃತ್ತ, ಬರೀ ನೀರಾದರೆ ಅರ್ಧ ತುಂಬಿದ್ದು, ಮರೆತರೆ ಖಾಲಿ ವೃತ್ತ. ಮೂರೂ ಸರಿಯಾದ ಉತ್ತರವೇ ಅಂತ ಹೇಳಿದ್ದೇನೆ. ಖಾಲಿ ಬಿಟ್ಟವರಿಗೆ ಬೈಗುಳವಿಲ್ಲ, ತುಂಬಿಸಿದವರಿಗೆ ಚಾಕಲೇಟೂ ಇಲ್ಲ. ಚಾರ್ಟನ್ನು ಮನೆಯ ಬಾಟಲಿಯ ಪಕ್ಕದಲ್ಲೇ ಅಂಟಿಸಿ, ಪೆನ್ಸಿಲನ್ನು ದಾರದಲ್ಲಿ ಕಟ್ಟಬೇಕು. ದಪ್ತರದಲ್ಲಿಟ್ಟ ಚಾರ್ಟು ಶಾಲೆಗೆ ಹೊರಡುವ ಮುಂಚೆ ಒಮ್ಮೆಲೇ ತುಂಬುತ್ತದೆ.

ಅದರ ಜೊತೆಗೆ ಸಾಬೂನು. 100 ಗ್ರಾಮಿನ ಬಿಲ್ಲೆಯನ್ನು ನಾಲ್ಕು ತುಂಡು ಮಾಡಿ, ಬೆಳ್ಳುಳ್ಳಿ ಮಾರುವ ಬಲೆಚೀಲದ ತುಂಡಿನಲ್ಲಿ ಕಟ್ಟಿ ಒಂದೊಂದು ಕೊಟ್ಟೆ. ಇದು ಕೈಗೆ ಮಾತ್ರ, ಸ್ನಾನಕ್ಕಲ್ಲ. ಸೋಮವಾರ ತಂದು, ಬಲೆಯಿಂದ ತೆಗೆದು, ಗಣಿತದ ಚೌಕುಳಿ ಪುಸ್ತಕದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಬೇಕು. ಒಳಗೆ ಎಷ್ಟು ಚೌಕ ಅಂತ ಎಣಿಸಬೇಕು. ಮುಂದಿನ ಸೋಮವಾರದ ಗೆರೆ ಹಿಂದಿನ ಗೆರೆಯ ಒಳಗೆ ಬರುತ್ತದೆ. ತೂಕದಷ್ಟು ನಿಖರ ಅಲ್ಲ, ಏಕೆಂದರೆ ಸಾಬೂನು ದಪ್ಪದಲ್ಲೂ ಸವೆಯುತ್ತದೆ. ನೀರಿನಲ್ಲಿ ಕೂತು ಕರಗಿದ ತುಂಡೂ ಚಿಕ್ಕದಾಗುತ್ತದೆ, ಆದರೆ ಅದು ಮೆತ್ತಗೆ ಲೋಳೆಲೋಳೆಯಾಗಿರುತ್ತದೆ. ಉಜ್ಜಿ ಸವೆದದ್ದು ಗಟ್ಟಿಯಾಗಿ, ನುಣ್ಣಗೆ ಇರುತ್ತದೆ. ಮುಟ್ಟಿದರೆ ತಿಳಿಯುತ್ತದೆ.

ಒಬ್ಬ ಹುಡುಗನ ಚಾರ್ಟು ಪೂರ್ತಿ ತುಂಬಿದ ವೃತ್ತಗಳಿಂದ ಕೂಡಿತ್ತು. ಅವನ ಸಾಬೂನಿನ ಗೆರೆ ಹಿಂದಿನ ಗೆರೆಯ ಮೇಲೆಯೇ ಕೂತಿತು. ಕತ್ತರಿಸಿದ ಅಂಚು ಇನ್ನೂ ಚೂಪಾಗಿತ್ತು, ಮೇಲಿನ ಅಚ್ಚಿನ ಅಕ್ಷರಗಳೂ ಓದಲು ಬರುತ್ತಿದ್ದವು. ಅವನಿಗೆ ಏನೂ ಅನ್ನಲಿಲ್ಲ. ಕರೆದುಕೊಂಡು ಹೋಗಲು ಬಂದ ಅವನ ತಾಯಿಯನ್ನು ಬಾಟಲಿ ಎಲ್ಲಿ ಕಟ್ಟಿದ್ದೀರಿ ಅಂತ ಕೇಳಿದೆ.

"ಮೋರ್ಯಾಗ ಕಟ್ಟೀನ್ರಿ ಟೀಚರ್. ಆದ್ರ ನಾ ಅಲ್ಲೇ ಭಾಂಡಿ ತಿಕ್ಕೊಂತ ಕುಂತಿರ್ತೀನಿ. ಅವ ಎಲ್ಲಿ ನಿಂತು ತೊಳೀಬೇಕ್ರಿ?"

ಸಂಜೆ ಅವನು ಸಾರ್ವಜನಿಕ ಶೌಚಾಲಯದಿಂದ ಬರುವ ಹೊತ್ತಿಗೇ ಅಮ್ಮ ಮೋರಿಯಲ್ಲಿ. ಅಲ್ಲಿ ಇಬ್ಬರಿಗೆ ಜಾಗ ಇಲ್ಲ. ಬಾಟಲಿಯನ್ನು ಬಾಗಿಲ ಪಕ್ಕದ ಕಿಟಕಿಯ ಸಳಿಗೆ, ಗಟಾರದ ಮೇಲೆ ನೀರು ಬೀಳುವ ಹಾಗೆ ಕಟ್ಟಲು ಹೇಳಿದೆ. ಹೊರಗಿನಿಂದ ಬಂದವನು ಒಳಗೆ ಕಾಲಿಡುವ ಮುಂಚೆ ಅದು ಎದುರಾಗುತ್ತದೆ. ಮುಂದಿನ ಸಲ ಅಳೆದಾಗ ಅಕ್ಷರಗಳು ಹೋಗಿದ್ದವು, ಗೆರೆ ಒಳಗೆ ಸರಿದಿತ್ತು. ಚಾರ್ಟಿನಲ್ಲಿ ಮಾತ್ರ ಮೊದಲ ಸಲ ಎರಡು ಖಾಲಿ ವೃತ್ತ ಕಂಡವು. ಆ ಚಾರ್ಟನ್ನು ನಾನು ಹೆಚ್ಚು ನಂಬುತ್ತೇನೆ.

ಬಾಟಲಿ ಹೊರಗೆ ಕಟ್ಟಿದ ಮನೆಗಳಲ್ಲಿ ಆಮೇಲೆ ಹೊಸ ತಾಪತ್ರಯ ಶುರುವಾಯಿತು. ರಾತ್ರಿ ಊಟದ ಸಾಲಿನಲ್ಲಿ ಅರ್ಧ ವೃತ್ತಗಳು ಜಾಸ್ತಿಯಾದವು. ವಿಚಾರಿಸಿದರೆ, ಕತ್ತಲಾದ ಮೇಲೆ ಸಾಬೂನನ್ನು ಒಳಗೆ ತೆಗೆದಿಡುತ್ತಾರಂತೆ. ಕಾರಣ ಇಲಿ. ಚಾಳಿನ ಇಲಿಗೆ ಸಾಬೂನಿನ ಜಿಡ್ಡು ಬಲು ಇಷ್ಟ. ಎರಡು ತುಂಡುಗಳ ಮೇಲೆ ಜೋಡಿ ಜೋಡಿಯಾಗಿ ಹಲ್ಲಿನ ಗೀರು ಇದ್ದವು, ಚೌಕದ ಲೆಕ್ಕವೂ ಕೆಟ್ಟಿತು. ಬಲೆಚೀಲ ಇಲಿಗೆ ತಡೆಯೇ ಅಲ್ಲ. ಈಗ ಮುಚ್ಚಳ ಇರುವ ಹಳೆಯ ಸ್ಟೀಲ್ ಡಬ್ಬಿಯ ತಳಕ್ಕೆ ನೀರು ಇಳಿಯಲು ಮೂರು ತೂತು ಹೊಡೆದು, ಬೈಂಡಿಂಗ್ ತಂತಿಯಲ್ಲಿ ಕಿಟಕಿಗೆ ಕಟ್ಟುತ್ತಿದ್ದೇವೆ. ಕೆಲವು ಮನೆಯವರು ಈಗಾಗಲೇ ಕಟ್ಟಿದ್ದಾರೆ. ಡಬ್ಬಿ ಇಲ್ಲದವರಿಗೆ ಮೌಶಿ ಹುಡುಕಿ ತಂದುಕೊಡುತ್ತಿದ್ದಾರೆ.